ಪೈಪಿನ ಸದ್ದು

ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಕಟ್ಟುತ್ತಿದ್ದ ಮಳಿಗೆಯ ಚಾವಣಿ ಕುಸಿದಾಗ ಗಾರೆ ಕೆಲಸದ ಪುಟ್ಟತಾಯಮ್ಮನೂ ಅವಳ ಗಂಡ ಲಿಂಗರಾಜುವೂ ಅದರಡಿ ಸಿಕ್ಕಿಕೊಂಡರು. ಕತ್ತಲಲ್ಲಿ ಅವನ ತೊಡೆಯ ಮೇಲೆ ತೊಲೆ ಬಿದ್ದಿತ್ತು.

“ಯಾರಾದ್ರೂ ಬನ್ರಪ್ಪೋ!” ಎಂದು ಅವನು ಕಿರುಚುತ್ತಲೇ ಇದ್ದ.

“ಕಿರುಚ್‌ಬ್ಯಾಡಿ ಕಣ್ರೀ, ದೂಳು ಒಳಕ್ಕೆ ಓಯ್ತದೆ. ನಿಧಾನಕ್ಕೆ ಉಸ್ರಾಡಿ,” ಎಂದಳು.

ಸೆರಗನ್ನು ಮೂಗಿಗೆ ಒತ್ತಿಕೊಂಡು, ಪಕ್ಕದ ಕಬ್ಬಿಣದ ಪೈಪಿಗೆ ಕಲ್ಲಿನಿಂದ ಮೂರು ಸಲ ಬಡಿದಳು. ಕಿವಿಗೊಟ್ಟು ಕೇಳಿ, ಮತ್ತೆ ಮೂರು ಸಲ ಬಡಿದಳು. ಮೇಲೆ ಜೆಸಿಬಿಯ ಅಬ್ಬರದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಅವನ ಕೂಗು ನಿಂತಿತು. “ಇದೀರಾ?” ಎಂದು ಅವಳು ಆಗಾಗ ಕೇಳಿದಳು. “ಊಂ” ಅನ್ನುತ್ತಿದ್ದವನು ಕೊನೆಗೆ ಅದನ್ನೂ ಅನ್ನಲಿಲ್ಲ. ಅವನತ್ತ ಕೈ ಚಾಚಿದಳು, ಎಟುಕಲಿಲ್ಲ.

ಯಂತ್ರ ನಿಲ್ಲಿಸಿ ಅಗ್ನಿಶಾಮಕದವರು, “ಎಲ್ಲಾರೂ ಸುಮ್ನಿರಿ!” ಅಂದರು. ಅವಳು ಬಡಿದಳು. ಮೇಲಿನಿಂದಲೂ ಮೂರು ಬಡಿತ ಬಂತು. ಕಾಂಕ್ರೀಟನ್ನು ಕೈಯಿಂದಲೇ ಸರಿಸಿ ಅವಳನ್ನು ಹೊರಗೆಳೆದರು.

“ಒಳಗೆ ಇನ್ಯಾರವ್ರಮ್ಮಾ?”

“ನಮ್ ಯಜಮಾನ್ರು ಅವ್ರೆ. ಮಾತಾಡ್ತಾ ಇಲ್ಲ.”

ಸಂಜೆ ಅವನನ್ನು ಹೊರತಂದಾಗ ಉಸಿರಿರಲಿಲ್ಲ. ಬಾಯಿಗೆ ಮೆತ್ತಿದ್ದ ಸಿಮೆಂಟ್ ದೂಳನ್ನು ಅವಳೇ ಒರೆಸಿದಳು. ಬೇರೆ ಯಾರನ್ನೂ ಮುಟ್ಟಗೊಡಲಿಲ್ಲ.