ಚಿಪ್ಪಕ್ಕ ಮತ್ತು ನಾನೂರ ಹದಿಮೂರನೆಯ ವ್ಯವಹಾರ

ಬ್ಯಾಂಕಿನ ಎರಡನೇ ಮಹಡಿಯಲ್ಲಿ, ಲಿಫ್ಟಿನ ಪಕ್ಕದ ಕೋಣೆಯಲ್ಲಿ, ಕಾರ್ಡಿನ ದೂರುಗಳನ್ನು ವಿಚಾರಿಸುವ ಹೆಂಗಸನ್ನು ಎಲ್ಲರೂ ಚಿಪ್ಪಕ್ಕ ಎಂದೇ ಕರೆಯುತ್ತಿದ್ದರು. ಕಾರ್ಡಿನ ಚಿಪ್ಪಿನ ವಿಚಾರ ಅವಳಷ್ಟು ತಿಳಿದವರು ಆ ಕಟ್ಟಡದಲ್ಲಿ ಇರಲಿಲ್ಲ ಎಂಬುದು ಒಂದು ಕಾರಣ. ದೂರು ತಂದ ಬಹುಪಾಲು ಜನರ ಕೈಗೆ ಕೊನೆಗೆ ಅವಳು ಚಿಪ್ಪೇ ಕೊಟ್ಟು ಕಳಿಸುತ್ತಾಳೆ ಎಂಬ ಕುಚೋದ್ಯ ಇನ್ನೊಂದು. ಅವಳಿಗೆ ಎರಡೂ ಗೊತ್ತಿತ್ತು. ಕೇಳಿ ನಕ್ಕು ಸುಮ್ಮನಾಗುತ್ತಿದ್ದಳು.

ಐವತ್ತೊಂದು ವರ್ಷ, ಮದುವೆಯಿಲ್ಲ. ಅಪ್ಪ ತೀರಿಕೊಂಡಾಗ ತಂಗಿಗೆ ಒಂಬತ್ತು ವರ್ಷ. ಅವಳ ಜಡೆ ಹೆಣೆದು, ಶಾಲೆಗೆ ಬಿಟ್ಟು, ಬಸ್ಸು ಹಿಡಿದು ಕೆಲಸಕ್ಕೆ ಬರುತ್ತಿದ್ದವಳು ಚಿಪ್ಪಕ್ಕ. ಈಗ ತಂಗಿ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಅಮ್ಮ, ಅಕ್ಕ, ತಂಗಿ ಮೂವರೂ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಒಂದೇ ಮೇಜಿಗೆ ಕೂತು ಉಣ್ಣುತ್ತಿದ್ದರು. ಎರಡು ವರ್ಷದ ಹಿಂದೆ ಕಾಲಿನ ಗಂಟು ಮುರಿದು ಚಿಪ್ಪಕ್ಕ ಒಂದು ತಿಂಗಳು ಹಾಸಿಗೆ ಹಿಡಿದಾಗ ತನ್ನ ಕಾರ್ಡನ್ನೂ ಅದರ ಪಿನ್ನನ್ನೂ ತಂಗಿಯ ಕೈಗಿತ್ತಿದ್ದಳು. ಯಾರಿಗೂ ಪಿನ್ ಹೇಳಬೇಡಿ ಎಂದು ದಿನಕ್ಕೆ ಹತ್ತು ಸಲ ಹೇಳುವ ಬಾಯಿ ಅದು. ಆದರೆ ತಂಗಿ ಎಂದರೆ ಬೇರೆಯವರೇ?

ದೂರು ತಂದವರಿಗೆ ಅವಳು ವಿವರಿಸುವ ಬಗೆ ಹೀಗಿತ್ತು. "ನೋಡಿ, ಈ ಹೊಳೆಯೋ ಚೌಕದ ಒಳಗೆ ಒಂದು ಗುಟ್ಟಿನ ಕೀಲಿ ಇದೆ. ಅದು ಅಲ್ಲಿಂದ ಆಚೆ ಬರೋದೇ ಇಲ್ಲ. ಅಂಗಡಿಯ ಯಂತ್ರ ಚಿಪ್ಪಿಗೆ ಹೇಳುತ್ತೆ, ಮೊತ್ತ ಇಷ್ಟು, ತಾರೀಖು ಇದು, ಇಗೋ ನಾನು ಈಗಷ್ಟೇ ಆರಿಸಿದ ಒಂದು ಸಂಖ್ಯೆ ಅಂತ. ಚಿಪ್ಪು ಅದಕ್ಕೆಲ್ಲ ತನಗಿದು ಎಷ್ಟನೇ ವ್ಯವಹಾರ ಅನ್ನೋ ಸಂಖ್ಯೆ ಸೇರಿಸಿ, ಒಳಗೇ ಆ ಕೀಲಿಯಿಂದ ಕಲಸಿ ಒಂದು ಗುರುತು ಕೊಡುತ್ತೆ. ಅದಕ್ಕೆ ಕ್ರಿಪ್ಟೋಗ್ರಾಮ್ ಅಂತಾರೆ. ಅದೇ ಕೀಲಿ ಬ್ಯಾಂಕಿನ ಹತ್ತಿರಾನೂ ಇರುತ್ತೆ. ಬ್ಯಾಂಕೂ ಅದೇ ಲೆಕ್ಕ ಮಾಡಿ ನೋಡುತ್ತೆ. ಎರಡೂ ಒಂದೇ ಆದ್ರೆ ಸರಿ. ಒಂದೊಂದು ವ್ಯವಹಾರಕ್ಕೂ ಚಿಪ್ಪಿನ ಆ ಸಂಖ್ಯೆ ಒಂದು ಏರುತ್ತೆ, ಗುರುತೂ ಬದಲಾಗುತ್ತೆ. ನಿನ್ನೆಯ ಗುರುತನ್ನ ಕದ್ದು ಇವತ್ತು ತಂದ್ರೆ ಮೂರು ಕಾಸಿಗೂ ಪ್ರಯೋಜನ ಇಲ್ಲ."

ಆಮೇಲೆ ದನಿ ತಗ್ಗಿಸಿ, "ಒಂದ್ಸಲ ಮನೇಲೇ ಕೇಳಿ ನೋಡಿ" ಎನ್ನುತ್ತಿದ್ದಳು. ಕೆಲವರು ಮೇಜು ಕುಟ್ಟಿ ಎದ್ದು ಹೋಗುತ್ತಿದ್ದರು. ವಾರ ಕಳೆದ ಮೇಲೆ ದೂರು ಹಿಂತೆಗೆದುಕೊಳ್ಳುವ ಅರ್ಜಿ ಬರುತ್ತಿತ್ತು.

ಆ ಸೋಮವಾರ ಸಂಜೆ ಅವಳು ಲಾಕರಿನಿಂದ ಮೊಬೈಲು ತೆಗೆದಾಗ ಒಂದು ಸಂದೇಶ ಬಂದು ಕೂತಿತ್ತು. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಊರಿನ ಆಚೆ ತುದಿಯ ಗೃಹೋಪಯೋಗಿ ವಸ್ತುಗಳ ಅಂಗಡಿಯೊಂದರಲ್ಲಿ, ಅವಳ ಎರಡು ತಿಂಗಳ ಸಂಬಳಕ್ಕೂ ಮಿಕ್ಕಿದ ಖರೀದಿ. ಅವಳು ಆ ಹೊತ್ತಿಗೆ ಇದೇ ಕೋಣೆಯಲ್ಲಿ ಕೂತಿದ್ದಳು. ಕೆಲಸದ ದಿನ ಅವಳು ಕಾರ್ಡು ತರುತ್ತಲೇ ಇರಲಿಲ್ಲ. ಅದು ಮನೆಯ ಕಪಾಟಿನಲ್ಲಿ, ಒಂದು ಹಳೆಯ ಪರ್ಸಿನಲ್ಲಿತ್ತು. ನಿಂತ ನಿಲುವಿನಲ್ಲೇ ಕಾರ್ಡನ್ನು ಬ್ಲಾಕ್ ಮಾಡಿಸಿ ಮನೆಗೆ ಓಡಿದಳು. ಕಾರ್ಡು ಇದ್ದ ಜಾಗದಲ್ಲೇ, ಪರ್ಸಿನ ಎರಡನೇ ಜೇಬಿನಲ್ಲೇ ಇತ್ತು.

"ಕಾರ್ಡು ಇಲ್ಲೇ ಇದೆಯಲ್ಲೇ!" ಎಂದಳು, ಕುರ್ಚಿಗೆ ಕುಸಿದು.

ತಂಗಿ ನೀರು ತಂದುಕೊಟ್ಟಳು. ಬೆನ್ನು ಸವರಿದಳು. "ಯಾರೋ ಕಾಪಿ ಹೊಡೆದಿದಾರೆ ಅಕ್ಕ. ನೀನೇ ಹೇಳ್ತಿದ್ದೆಯಲ್ಲ, ಕಾರ್ಡಿನ ಹಿಂದುಗಡೆ ಇರೋ ಕಪ್ಪು ಪಟ್ಟೀನ ಕಾಪಿ ಮಾಡ್ಕೋಬಹುದು ಅಂತ. ಶನಿವಾರ ಅಮ್ಮನ ಮಾತ್ರೆ ತಗೊಂಡಾಗ ಆ ಔಷಧಿ ಅಂಗಡಿಯವನು ಸಿಗ್ನಲ್ ಇಲ್ಲ ಅಂತ ಕಾರ್ಡು ಹಿಡ್ಕೊಂಡು ಬಾಗಿಲ ತನಕ ಹೋಗಿದ್ದ ಅಂದ್ಯಲ್ಲ?"

ಅಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಪಾತ್ರೆ ತೊಳೆಯುವ ಸದ್ದು ಮಾತ್ರ ಕೇಳುತ್ತಿತ್ತು.

ಔಷಧಿ ಅಂಗಡಿಯವರನ್ನು ಚಿಪ್ಪಕ್ಕ ಹದಿನಾಲ್ಕು ವರ್ಷದಿಂದ ಬಲ್ಲಳು. ಆದರೂ ಆ ಕ್ಷಣಕ್ಕೆ ತಂಗಿಯ ಮಾತು ಎದೆಯಲ್ಲಿ ನಾಟಿತು. ಮರುದಿನ ಬೆಳಗ್ಗೆ ಅಂಗಡಿಯಲ್ಲಿ ನಾಲ್ಕು ಜನ ನಿಂತಿದ್ದಾಗಲೇ, "ನಿಮ್ಮನ್ನ ನಂಬಿ ಕಾರ್ಡು ಕೊಟ್ಟಿದ್ದೆ. ಅದನ್ನ ತಗೊಂಡು ಏನು ಮಾಡಿದ್ರಿ?" ಎಂದು ಕೇಳಿಬಿಟ್ಟಳು. ಆತ ಕೈಯಲ್ಲಿದ್ದ ಮಾತ್ರೆಯ ಪಟ್ಟಿಯನ್ನು ಕೆಳಗಿಟ್ಟು, ಅವಳ ಮುಖವನ್ನೇ ನೋಡುತ್ತ, "ಏನಂದ್ರಿ ಮೇಡಂ?" ಎಂದರು. ಅವಳು ಇನ್ನೊಂದು ಸಲ ಹೇಳಿದಳು. ಈ ಸಲ ಇನ್ನೂ ಜೋರಾಗಿ.

ತನ್ನ ದೂರನ್ನು ತಾನೇ ವಿಚಾರಿಸುವಂತಿಲ್ಲ ಎಂಬುದು ಬ್ಯಾಂಕಿನ ನಿಯಮ. ಅದು ಪಕ್ಕದ ಮೇಜಿನವರಿಗೆ ಹೋಯಿತು. ಅಗತ್ಯಕ್ಕಿಂತ ಒಂದು ಪದ ಹೆಚ್ಚು ಆಡದ ಅವರಿಗೆ ಕಚೇರಿ ಇಟ್ಟ ಹೆಸರು ಮೌನಿ. ಈ ಕೆಲಸವನ್ನು ಅವರಿಗೆ ಕಲಿಸಿದವಳೂ ಚಿಪ್ಪಕ್ಕನೇ.

"ಕಪ್ಪು ಪಟ್ಟಿಯಿಂದ ಆದ ವ್ಯವಹಾರ ಅಂತ ಬರುತ್ತೆ ನೋಡ್ತಿರಿ" ಎಂದು ಮೂರು ದಿನ ಅವಳು ಅವರಿಗೆ ಹೇಳುತ್ತಲೇ ಇದ್ದಳು. ಪಟ್ಟಿಯಾದರೆ ಯಾವತ್ತೂ ಒಂದೇ ಮಾತು ಹೇಳುತ್ತದೆ, ನಕಲು ಮಾಡಿದರೆ ನಕಲೂ ಅದನ್ನೇ ಹೇಳುತ್ತದೆ. ಆ ಒಂದು ಸಾಲಿಗಾಗಿ ಅವಳು ಒಳಗೊಳಗೇ ಹರಕೆ ಹೊತ್ತವಳಂತೆ ಕಾಯುತ್ತಿದ್ದಳು.

ಶುಕ್ರವಾರ ಮೌನಿ ಕುರ್ಚಿ ಎಳೆದುಕೊಂಡು ಅವಳೆದುರು ಕೂತರು. "ಚಿಪ್ಪಿಂದ ಆಗಿದೆ ಮೇಡಂ."

"ಸಾಧ್ಯವೇ ಇಲ್ಲ."

ಅವರು ಹಾಳೆ ತಿರುಗಿಸಿ ಅವಳ ಕಡೆ ಇಟ್ಟರು. ಅವಳಿಗೆ ಯಾರೂ ಓದಿ ಹೇಳಬೇಕಿರಲಿಲ್ಲ. ಚಿಪ್ಪು ಓದಲಾಗಿದೆ. ಕ್ರಿಪ್ಟೋಗ್ರಾಮ್ ತಾಳೆಯಾಗಿದೆ. ಪಿನ್ ಸರಿಯಿದೆ ಎಂದು ಚಿಪ್ಪೇ ಪರೀಕ್ಷಿಸಿ ಗುರುತು ಹಾಕಿದೆ, ಆ ಗುರುತೂ ಕ್ರಿಪ್ಟೋಗ್ರಾಮಿನ ಲೆಕ್ಕದೊಳಗೇ ಸೇರಿದೆ. ಶನಿವಾರದ ಮಾತ್ರೆಗಳದು ನಾನೂರ ಹನ್ನೆರಡನೆಯ ವ್ಯವಹಾರ. ಸೋಮವಾರದ್ದು ನಾನೂರ ಹದಿಮೂರು.

"ಯಾರೋ ಇನ್ನೊಂದು ಚಿಪ್ಪು ಮಾಡಿರಬಹುದು" ಎಂದಳು. ಹೇಳುತ್ತಿದ್ದಂತೆಯೇ ಅವಳ ಕಿವಿಗೇ ಅದು ಸುಳ್ಳೆನಿಸಿತು. ಮೇಜು ಕುಟ್ಟಿ ಎದ್ದು ಹೋದವರೆಲ್ಲ ಇದೇ ಮಾತು ಹೇಳಿದ್ದರು.

"ಕಾರ್ಡು ತಂದಿದ್ದೀರಾ?"

ತಂದಿದ್ದಳು. ಮೌನಿ ಅದನ್ನು ಮೇಜಿನ ಮೇಲಿದ್ದ ಸಣ್ಣ ಯಂತ್ರಕ್ಕೆ ತೂರಿಸಿದರು. ವ್ಯವಹಾರ ಮಾಡುವ ಯಂತ್ರವಲ್ಲ ಅದು, ಚಿಪ್ಪಿನೊಳಗಿನ ಸಂಖ್ಯೆಯನ್ನು ಓದಿ ತೋರಿಸುವಂಥದ್ದು. ಬೇರೆ ಯಾವುದೋ ಚಿಪ್ಪು ಸೋಮವಾರ ಆ ಅಂಗಡಿಗೆ ಹೋಗಿದ್ದರೆ, ಕಪಾಟಿನಲ್ಲಿ ಮಲಗಿದ್ದ ಅವಳ ಚಿಪ್ಪು ನಾನೂರ ಹನ್ನೆರಡಕ್ಕೇ ನಿಂತಿರಬೇಕಿತ್ತು. ಪರದೆಯ ಮೇಲೆ ಅಂಕಿ ಮೂಡಿತು.

ನಾನೂರ ಹದಿಮೂರು.

ಕಾರ್ಡು ಕಪಾಟಿನಿಂದ ಹೊರಟು, ಊರು ದಾಟಿ, ಅಂಗಡಿಗೆ ಹೋಗಿ, ಅವಳು ಬರುವುದರೊಳಗೆ ಅದೇ ಪರ್ಸಿನ ಅದೇ ಜೇಬಿಗೆ ಮರಳಿತ್ತು.

ಮೌನಿ ಕಾರ್ಡನ್ನು ಹೊರತೆಗೆದು ಅವಳ ಮುಂದಿಟ್ಟರು. "ಇದನ್ನ ಹೇಳೋಕೆ ನೀವೇ ಕಲಿಸಿದ್ರಿ. ನನ್ನ ಬಾಯಲ್ಲಿ ಬರ್ತಿಲ್ಲ."

"ಮನೇಲೇ ಕೇಳಿ ನೋಡ್ತೀನಿ" ಎಂದಳು ಅವಳೇ.

ಅವರು ಇನ್ನೊಂದು ಹಾಳೆ ಮುಂದಿಟ್ಟರು. ಅಂಗಡಿಯಿಂದ ತರಿಸಿದ ಬಿಲ್ಲಿನ ಪ್ರತಿ. ಒಂದು ಬಟ್ಟೆ ಒಗೆಯುವ ಯಂತ್ರ. ಒಂದು ಕಪಾಟು. ಒಂಟಿ ಮಂಚ, ಎರಡು. ತಲುಪಿಸಬೇಕಾದ ವಿಳಾಸ ಅವಳು ಕೇಳಿಯೂ ಇರದ ಒಂದು ಬೀದಿ, ನೆಲಮಹಡಿ.

ಮನೆಗೆ ಹೋದಾಗ ತಂಗಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅಮ್ಮ ಕಿಟಕಿಯ ಬಳಿ ಕೂತಿದ್ದಳು. ಚಿಪ್ಪಕ್ಕ ಚಪ್ಪಲಿ ಬಿಡದೆ ಬಿಲ್ಲನ್ನು ಮಡಚಿದ ಬಟ್ಟೆಗಳ ಮೇಲೆ ಇಟ್ಟಳು.

ತಂಗಿ ಓದಿದಳು. ಹಾಳೆಯನ್ನು ಎರಡು ಸಲ ನೇರ ಮಾಡಿದಳು. "ಸಂಬಳ ಬಂದ್ಮೇಲೆ ಹಣ ವಾಪಸ್ ಹಾಕ್ಬಿಡೋಣ ಅಂತಿದ್ದೆ ಅಕ್ಕ. ರಿಯಾಯಿತಿಗೆ ಅವತ್ತೇ ಕೊನೇ ದಿನ ಅಂದ್ರು. ನಿನಗೆ ಮೆಸೇಜು ಬರುತ್ತೆ ಅನ್ನೋದು ಹೊಳೀಲೇ ಇಲ್ಲ."

"ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ?"

"ನೀನು ಕೊಡ್ತಿದ್ದೆ. ಆದ್ರೆ ಯಾಕೆ ಅಂತ ಕೇಳ್ತಿದ್ದೆ."

"ಈಗ ಕೇಳ್ತಿದೀನಿ. ಯಾಕೆ?"

ತಂಗಿ ಅಮ್ಮನ ಕಡೆ ನೋಡಿದಳು. ಅಮ್ಮ ಸೆರಗಿನ ತುದಿ ಸುತ್ತುತ್ತ ಕೂತಿದ್ದಳು. "ನಂಗೆ ಈ ಮೆಟ್ಟಿಲು ಆಗಲ್ಲ ಕಣೇ" ಎಂದಳು ಅಮ್ಮ, ಕೊನೆಗೆ. "ಇವಳ ಕಾಲೇಜಿನ ಹತ್ರ ಕೆಳಗಡೆ ಮನೆ ಸಿಕ್ತು. ನೀನು ಬೇಜಾರು ಮಾಡ್ಕೋತೀಯ ಅಂತ... ಸಾಮಾನೆಲ್ಲ ಜೋಡಿಸ್ಕೊಂಡು ಆಮೇಲೆ ಹೇಳೋಣ ಅಂದ್ಕೊಂಡ್ವಿ."

ಅಂದ್ಕೊಂಡ್ವಿ. ಆ ಪದ ಚಿಪ್ಪಕ್ಕನ ಕಿವಿಯಲ್ಲೇ ನಿಂತಿತು. ಎಷ್ಟು ದಿನದಿಂದ ಅಂದುಕೊಂಡಿದ್ದರೋ! ಮೂವರೂ ಉಣ್ಣುವಾಗ ಇಬ್ಬರ ನಡುವೆ ಅದು ಓಡಾಡುತ್ತಿತ್ತೋ ಏನೋ.

"ಮೂರು ಜನ ಇದ್ದೀವಿ" ಎಂದಳು. "ಮಂಚ ಎರಡೇ ಯಾಕೆ?"

ತಂಗಿಯ ಕಣ್ಣಲ್ಲಿ ನೀರು ತುಂಬಿತು. "ನಿನ್ನ ಆಫೀಸಿಗೆ ಅಲ್ಲಿಂದ ದೂರ ಆಗುತ್ತೆ ಅಂತ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ನಂತರ, ಬೇರೆಯದೇ ದನಿಯಲ್ಲಿ, "ನಂಗೆ ಮೂವತ್ತೈದು ವರ್ಷ ಅಕ್ಕ. ಒಂದು ಮಂಚ ತಗೊಳ್ಳೋಕೂ ನಿನ್ನ ಮುಂದೆ ಕಾರಣ ಹೇಳ್ಬೇಕು."

"ಅದು ನಿನ್ನ ನನ್ನ ನಡುವಿನ ಮಾತು. ನಾಳೆ ಜಗಳ ಆಡೋಣ. ಆ ಔಷಧಿ ಅಂಗಡಿಯವರು ನಿನಗೇನು ಮಾಡಿದ್ರು?"

ತಂಗಿ ಬಿಲ್ಲನ್ನು ಬದಿಗಿಟ್ಟು ಮತ್ತೆ ಬಟ್ಟೆ ಮಡಚತೊಡಗಿದಳು. ಆ ಸಂಜೆ ಬೆನ್ನು ಸವರುತ್ತ ಅವಳು ಹೇಳಿದ್ದು ಅಕ್ಕನೇ ಕಲಿಸಿದ ಪಾಠದ ಅರ್ಧ. ಪಟ್ಟಿ ನಕಲಾಗುತ್ತದೆ ಎಂಬುದನ್ನು ನೆನಪಿಟ್ಟು, ಚಿಪ್ಪು ನಕಲಾಗುವುದಿಲ್ಲ ಎಂಬುದನ್ನು ಮರೆತಿದ್ದಳು. ಇಲ್ಲವೇ, ಅಕ್ಕ ತನ್ನವರನ್ನು ಅನುಮಾನಿಸುವಷ್ಟು ದೂರ ಹೋಗುವುದಿಲ್ಲ ಎಂದು ನಂಬಿದ್ದಳು. ಹಣ ಹೋದದ್ದಾಗಲಿ, ಅವರಿಬ್ಬರು ಮನೆ ಬಿಡುವುದಾಗಲಿ ಚಿಪ್ಪಕ್ಕನನ್ನು ಅಷ್ಟು ಸುಡಲಿಲ್ಲ. ತನ್ನ ನಂಬಿಕೆಯನ್ನೇ ಅಳೆದು ನೋಡಿ ಒಬ್ಬ ನಿರಪರಾಧಿಯ ಮೇಲೆ ಎಸೆಯಲು ಬಳಸಿಕೊಂಡರಲ್ಲ, ಅದು ಸುಟ್ಟಿತು.

ಶನಿವಾರ ಅವಳು ಔಷಧಿ ಅಂಗಡಿಗೆ ಹೋದಳು. ಜನ ಸೇರುವ ಹೊತ್ತನ್ನೇ ಆರಿಸಿಕೊಂಡಿದ್ದಳು. "ನಾನು ನಿಮ್ಮ ಮೇಲೆ ಸುಳ್ಳು ಹೊರಿಸಿದೆ. ತಪ್ಪು ನಮ್ಮ ಮನೇದು. ಕ್ಷಮಿಸ್ಬೇಕು" ಎಂದಳು, ಎಲ್ಲರಿಗೂ ಕೇಳುವಂತೆ.

ಅವರು ತಲೆಯಾಡಿಸಿದರು. "ಆಯ್ತು ಬಿಡಿ ಮೇಡಂ." ಅಮ್ಮನ ಮಾತ್ರೆಗಳನ್ನು ಕಟ್ಟಿಕೊಟ್ಟರು. ಹದಿನಾಲ್ಕು ವರ್ಷ ತಪ್ಪದೆ ಕೇಳುತ್ತಿದ್ದ "ಅಮ್ಮ ಹೇಗಿದ್ದಾರೆ?" ಎಂಬುದನ್ನು ಮಾತ್ರ ಅಂದು ಕೇಳಲಿಲ್ಲ. ಮುಂದೆಯೂ ಕೇಳಲಿಲ್ಲ.

ದೂರು ಹಿಂತೆಗೆದುಕೊಳ್ಳುವ ಅರ್ಜಿಯನ್ನು ಅವಳು ತನ್ನ ಕೈಯಾರೆ ಬರೆದಳು. ಕಾರಣ ಎಂಬಲ್ಲಿ, "ಕಾರ್ಡನ್ನು ಬಳಸಿದವರು ಕುಟುಂಬದವರು" ಎಂದು ತುಂಬಿದಳು. ಮೌನಿ ಮೊಹರು ಒತ್ತಿದರು.

ತಿಂಗಳ ಕೊನೆಗೆ ಅಮ್ಮನನ್ನು ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಹೋಗಿ ಆಟೋದಲ್ಲಿ ಕೂರಿಸಿದವಳೂ ಚಿಪ್ಪಕ್ಕನೇ. ತಂಗಿ ಕಂತುಕಂತಾಗಿ ಹಣ ಹಿಂದಿರುಗಿಸಿದಳು. ಪ್ರತಿ ಭಾನುವಾರ ಮೂವರೂ ಹೊಸ ಮನೆಯಲ್ಲಿ ಕೂತು ಉಣ್ಣುತ್ತಾರೆ, ಹವೆಯ ಬಗ್ಗೆ, ಮಂಡಿನೋವಿನ ಬಗ್ಗೆ ಮಾತಾಡುತ್ತಾರೆ. ಸಂಜೆಯಾದಾಗ ಅಮ್ಮ, "ಇಲ್ಲೇ ಮಲಗಿ ನಾಳೆ ಹೋಗೇ" ಎನ್ನುತ್ತಾಳೆ. ಚಿಪ್ಪಕ್ಕ, "ಬೆಳಗ್ಗೆ ಬೇಗ ಆಫೀಸಿದೆ" ಎಂದು ಎದ್ದುಬಿಡುತ್ತಾಳೆ.

ಕಚೇರಿಯಲ್ಲಿ ಅವಳು ಇಂದಿಗೂ ಅದೇ ಕುರ್ಚಿಯಲ್ಲಿದ್ದಾಳೆ. ಚಿಪ್ಪಿನ ವಿವರಣೆಯನ್ನು ಒಂದಕ್ಷರ ಬಿಡದೆ ಹೇಳುತ್ತಾಳೆ. ಮನೆಯಲ್ಲಿ ಕೇಳಿ ನೋಡಿ ಎಂಬ ಮಾತಿಗೆ ಬಂದಾಗ ಮಾತ್ರ ಎದ್ದು ಹೋಗಿ ಎದುರಿನವರಿಗೆ ಒಂದು ಲೋಟ ನೀರು ತಂದಿಟ್ಟು, ಅವರು ಕುಡಿದು ಮುಗಿಸುವ ತನಕ ಕಾಯುತ್ತಾಳೆ.