ಡಾಕ್ಟ್ರ ಪರಿಚಯಕ್ಕೆ ನಾನು ಹೊದಿಸಿದ ಶಾಲು

ನಾನು ಓದಿದ್ದು ಹತ್ತನೇ ತರಗತಿ. ಆದರೂ ಸನ್ಮಾನ ಪತ್ರ ಬರೆಯುವುದರಲ್ಲಿ ನನಗೆ ಹೆಸರಿತ್ತು. ಸುತ್ತಮುತ್ತ ಯಾವ ಸಂಘದವರು ಯಾರಿಗೆ ಶಾಲು ಹೊದಿಸಿದರೂ ವೇದಿಕೆಯಲ್ಲಿ ಓದುವ ಹೊಗಳಿಕೆ ನನ್ನದೇ. ಆ ಹೆಸರಿನಿಂದಲೇ ಪಂಪ್‌ವೆಲ್ ಹತ್ತಿರದ ಆಸ್ಪತ್ರೆಯೊಂದರ ಕಚೇರಿಯಲ್ಲಿ, ವೆಬ್‌ಸೈಟಿಗೆ ವೈದ್ಯರ ಪರಿಚಯ ಬರೆಯುವ ಕೆಲಸ ಸಿಕ್ಕಿತು.

ಹೊಟ್ಟೆ ಮತ್ತು ಕರುಳಿನ ತಜ್ಞೆಯೊಬ್ಬರು ತಮ್ಮ ವಿವರವನ್ನು ಕೈಯಲ್ಲೇ ಬರೆದು ಕೊಟ್ಟಿದ್ದರು. ಪದವಿ, ನೋಂದಣಿ ಸಂಖ್ಯೆ, ಮಾಡುವ ಚಿಕಿತ್ಸೆಗಳು, ಪಾಠ ಹೇಳುವ ತರಗತಿ. ಕೊನೆಗೆ ಒಂದು ಸಾಲು: ‘ಹೊಗಳಿಕೆ ಬೇಡ.’

ನನಗೆ ಅದು ಸಪ್ಪೆ ಅನ್ನಿಸಿತು. ಅವರಿಗೆ ತೋರಿಸದೆಯೇ ‘ಕರಾವಳಿಯ ನಂಬರ್ ಒನ್’, ‘ನೋವೇ ಇಲ್ಲದ ಚಿಕಿತ್ಸೆ, ಖಚಿತ ಗುಣ’ ಎಂದು ಸೇರಿಸಿದೆ. ಬೆಂಗ್ರೆಯ ಮೀನುಗಾರರೊಬ್ಬರು ಕೃತಜ್ಞತೆ ಹೇಳುವ ಮಾತನ್ನೂ ಫೋಟೊ ಸಮೇತ ಹಾಕಿದೆ.

ಯಾರೋ ದೂರು ಕೊಟ್ಟರು. ವೈದ್ಯರು ಹೀಗೆ ಜಾಹೀರಾತು ಮಾಡಿ ರೋಗಿಗಳನ್ನು ಸೆಳೆಯುವಂತಿಲ್ಲ. ವೈದ್ಯಕೀಯ ಪರಿಷತ್ತಿನಿಂದ ವಿವರಣೆ ಕೇಳಿ ನೋಟಿಸ್ ಬಂತು, ಡಾಕ್ಟ್ರ ಹೆಸರಿಗೆ. ನೋಂದಣಿಯನ್ನು ತಡೆಹಿಡಿದರೆ ಅವರು ಚಿಕಿತ್ಸೆ ಮಾಡುವಂತಿಲ್ಲ.

ಅವರು ಕಚೇರಿಗೆ ಬಂದು ಕೇಳಿದರು: “ಎಂತ ಇದು? ನಾನು ಹೀಗೆ ಬರೆದುಕೊಟ್ಟದ್ದು ಉಂಟಾ?”

“ನೋಡ್ತೇನೆ ಡಾಕ್ಟ್ರೇ,” ಎಂದೆ. ಅವರ ಹಾಳೆ ನನ್ನ ಫೈಲಿನಲ್ಲೇ ಇತ್ತು. ಕೆಲಸ ಹೋಗುವ ಹೆದರಿಕೆಗೆ ಎರಡು ದಿನ ಬಾಯಿ ಬಿಡಲಿಲ್ಲ. ನನ್ನ ಜೀವನದಲ್ಲಿ ಅದಕ್ಕಿಂತ ನಾಚಿಕೆಯ ಎರಡು ದಿನ ಇಲ್ಲ.

ಮೂರನೆಯ ದಿನ ಅವರು ಹೊರರೋಗಿಗಳನ್ನು ನೋಡಿ ಮುಗಿಸುವವರೆಗೆ ಕಾದು, ಹಾಳೆಯನ್ನು ಮೇಜಿನ ಮೇಲೆ ಇಟ್ಟೆ. “ಹೊಗಳಿದ್ದು ನಾನು. ಬರೆದು ಸಹಿ ಹಾಕಿ ಕೊಡ್ತೇನೆ.”

ಅವರು ಹಾಳೆಯನ್ನೂ ನನ್ನನ್ನೂ ನೋಡಿದರು. “ನಂಬರ್ ಒನ್ ಅಂತ ಯಾರು ಲೆಕ್ಕ ಹಾಕಿದ್ದು ಮಾರಾಯ್ರೆ? ಶಾಲು, ಹಾರ, ಹಣ್ಣಿನ ಬುಟ್ಟಿ ಮಾತ್ರ ಬಾಕಿ ಇಟ್ಟಿದ್ದೀರಿ!” ಎಂದು ಬೈದು, ಮತ್ತೆ ಹೇಳಿದರು: “ಇದನ್ನು ಕೂಡಲೇ ತೆಗೀರಿ. ಹೊಸತು ನೀವೇ ಬರೀಬೇಕು, ನನ್ನೆದುರೇ.”

ಬರೆದೆ. ಎಂಡೋಸ್ಕೋಪಿ, ಕೊಲೊನೋಸ್ಕೋಪಿ, ಬಾಯಿಯ ಮೂಲಕ ನಳಿಕೆ ಇಳಿಸಿ ಪಿತ್ತನಾಳದ ಕಲ್ಲು ತೆಗೆಯುವುದು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಬೋಧನೆ. ಪದವಿ, ನೋಂದಣಿ ಸಂಖ್ಯೆ, ಭೇಟಿಯ ಸಮಯ. ‘ಅತ್ಯುತ್ತಮ’ ಎಂದು ಬರೆಯಲು ಹೊರಟ ಕೈಯನ್ನು ನಾಲ್ಕು ಸಲ ತಡೆದೆ.

ಅವರ ಹಾಳೆ, ನನ್ನ ತಪ್ಪೊಪ್ಪಿಗೆ, ಹೊಸ ಪರಿಚಯ, ಮೂರೂ ವಿವರಣೆಯ ಜೊತೆ ಪರಿಷತ್ತಿಗೆ ಹೋದವು. ಕೆಲವು ತಿಂಗಳ ಮೇಲೆ ಉತ್ತರ ಬಂತು: ವಿವರಣೆಯನ್ನು ಒಪ್ಪಿ ದೂರನ್ನು ಮುಕ್ತಾಯ ಮಾಡಲಾಗಿದೆ. ಕಚೇರಿಯಲ್ಲಿ ನಾನು ಎದ್ದು ನಿಂತು ಗಟ್ಟಿಯಾಗಿ ಓದಿದೆ, ಯಾವ ಸನ್ಮಾನ ಪತ್ರವನ್ನೂ ಹಾಗೆ ಓದಿರಲಿಲ್ಲ. ಆಸ್ಪತ್ರೆಯವರು ಎಲ್ಲ ವೈದ್ಯರ ಪರಿಚಯವನ್ನೂ ಅದೇ ಮಾದರಿಯಲ್ಲಿ ಮತ್ತೆ ಬರೆಯಲು ಹೇಳಿದರು, ನನಗೇ.

ಡಾಕ್ಟ್ರು ಪಾಠಕ್ಕೆ ಹೊರಟವರು ಬಾಗಿಲಲ್ಲಿ ನಿಂತರು. “ಈಗ ನಿಮಗೇ ಒಂದು ಶಾಲು ಹೊದಿಸಬೇಕು. ಪತ್ರ ಮಾತ್ರ ನಾನು ಬರೀತೇನೆ, ಎರಡೇ ಸಾಲು!”