ಮಾಳಿಗೆಯ ಮೇಲಿಲ್ಲದ ಗೋಡೆ

ನನ್ನ ಕೆಲಸ ಏನೆಂಬುದು ನಮ್ಮ ಮನೆತನದಲ್ಲಿ ಯಾರಿಗೂ ಇನ್ನೂ ತಿಳಿದಿಲ್ಲ. ಕೆಲಗೇರಿಯ ಬಾಡಿಗೆ ಮನೆಯಲ್ಲಿ ಕುಳಿತು ಟ್ಯಾಬ್ಲೆಟ್ ಮೇಲೆ ಚಿತ್ರ ಬರೆದು ಬೇಕಾದವರಿಗೆ ಕಳಿಸುತ್ತೇನೆ. ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಕಾಳುಕಡಿ ಅಂಗಡಿ ಇಟ್ಟಿರುವ ನನ್ನ ಕಾಕಾ ಇದನ್ನು ಬಂಧುಬಳಗಕ್ಕೆಲ್ಲ "ಏನೋ ಒಂದು ತೀಡ್ಕೋತ ಕುಂದರ್ತಾಳ" ಎಂದು ಹೆಮ್ಮೆಯಿಂದ ಹೇಳುತ್ತಾರೆ. ಅಂಥವರು ಒಂದು ಮುಂಜಾನೆ ತಾವಾಗಿಯೇ ಫೋನ್ ಮಾಡಿದರೆಂದರೆ ನನ್ನ ಭಾಗ್ಯವೇ ಸರಿ.

ವಾಟ್ಸಾಪಿನಲ್ಲಿ ಅವರು ಯಾವುದೋ ಊರಿನ ಬೀದಿಯೊಂದರ ಚಿತ್ರ ನೋಡಿದ್ದರು. ಇಡೀ ಬೀದಿಯನ್ನು ಚೌಕ ಕತ್ತರಿಸಿ ಮಣೆಯ ಮೇಲೆ ಇಟ್ಟಂತೆ, ಮನೆಗಳೆಲ್ಲ ಆಟಿಕೆಯಂತೆ, ಅಂಚಿನಲ್ಲಿ ರಸ್ತೆಯ ಡಾಂಬರು, ಅದರ ಕೆಳಗಿನ ಮಣ್ಣು ಎಲ್ಲ ಕಾಣುವಂತೆ.

"ತಂಗಿ, ನಮ್ಮ ಓಣೀನೂ ಹಂಗ ಮಾಡಿಕೊಡು. ದೀಪಾವಳಿ ಕ್ಯಾಲೆಂಡರಿಗೆ ಹಾಕಸ್ತೇನಿ. ಫೋಟೋ ಕಳಸೇನಿ ನೋಡು."

ಫೋಟೋ ನೋಡಿದೆ. ಕಾಕಾ ಎದುರುಗಡೆಯ ಕಟ್ಟೆಯ ತುದಿಗೆ ನಿಂತು, ಬೇಕೆಂದೇ ಓರೆಯಾಗಿ ತೆಗೆದಿದ್ದರು. ಅವರ ಅಂಗಡಿ ಅರ್ಧ ಫೋಟೋ ತುಂಬಿಕೊಂಡಿತ್ತು. ಅದಕ್ಕೆ ಅಂಟಿಕೊಂಡೇ ಇರುವ ದೊಡ್ಡಪ್ಪನ ಅಂಗಡಿ ಮೂಲೆಯಲ್ಲಿ ಸೊರಗಿ ಒಂದು ಪಟ್ಟಿಯಷ್ಟಾಗಿತ್ತು.

ಈ ಅಣ್ಣತಮ್ಮಂದಿರ ಕಥೆ ಊರಿಗೇ ಗೊತ್ತು. ನಾನು ಕಾಲೇಜಿನಲ್ಲಿದ್ದಾಗ ಪಾಲಾಯಿತು. ಎಲ್ಲ ಸುಸೂತ್ರವಾಗಿ ಹಂಚಿಹೋಗಿ, ಕೊನೆಗೆ ಅಜ್ಜನ ಹಿತ್ತಾಳೆ ತಕ್ಕಡಿ ಯಾರಿಗೆ ಎಂಬ ಮಹಾಪ್ರಶ್ನೆ ಉಳಿಯಿತು. ಹಿರಿಯರು ಕೂಡಿ, ಬಹಳ ಯೋಚನೆ ಮಾಡಿ, ತಕ್ಕಡಿ ಒಬ್ಬನಿಗೆ, ತೂಕದ ಕಲ್ಲು ಇನ್ನೊಬ್ಬನಿಗೆ ಎಂದು ತೀರ್ಪು ಕೊಟ್ಟರು. ಇಬ್ಬರೂ ಈಗ ಎಲೆಕ್ಟ್ರಾನಿಕ್ ಕಾಟಾ ಇಟ್ಟಿದ್ದಾರೆ. ಮಾತು ಮಾತ್ರ ಅಂದೇ ನಿಂತಿದೆ. "ತಳಪಾಯದಿಂದ ಮಾಳಿಗಿ ಮ್ಯಾಲಿನ ತನಕ ನಡಬರಕ ಗ್ವಾಡಿ ಎಬ್ಬಿಸೇವಿ" ಎಂದು ಕಾಕಾ ಹೋದಲ್ಲೆಲ್ಲ ಹೇಳುತ್ತಾರೆ.

ನಾನು ಮೊದಲು ಸೋಮಾರಿಗಳ ದಾರಿ ಹಿಡಿದೆ. ಫೋಟೋವನ್ನು ಎಐಗೆ ಕೊಟ್ಟು, ಇದನ್ನು ಐಸೋಮೆಟ್ರಿಕ್ ಪುಟಾಣಿ ಮಾದರಿ ಮಾಡು ಎಂದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿತು. ಎಷ್ಟು ಚೆಂದ ಎಂದರೆ, ಕಮರಿಪೇಟೆಯ ಗುರುತೇ ಸಿಗದಷ್ಟು ಚೆಂದ. ಬೋರ್ಡಿನ ಮೇಲೆ ಭೂಮಿಯ ಮೇಲಿಲ್ಲದ ಲಿಪಿ, ಕಟ್ಟೆಯ ಮೇಲೆ ಹೂಕುಂಡ, ಗಟಾರ ಮಾಯ. ಮೇಲೆ ಕೆಂಪು ಹೆಂಚು, ಅದರ ಮೇಲೊಂದು ಹೊಗೆಗೂಡು. ಇನ್ನೊಮ್ಮೆ ಮಾಡಿಸಿದರೆ ಇನ್ನೊಂದು ಥರದ ಛಾವಣಿ.

"ಹೊಗಿಗೂಡು ಯಾಕವಾ? ನಾ ಏನ್ ಬೇಕರಿ ಇಟ್ಟೇನೇನು?" ಎಂದರು ಕಾಕಾ.

ತಪ್ಪು ಯಂತ್ರದ್ದಲ್ಲ. ಬೀದಿಯಲ್ಲಿ ನಿಂತು ತೆಗೆದ ಫೋಟೋದಲ್ಲಿ ಗೋಡೆ ಕಾಣುತ್ತದೆ, ಮಾಳಿಗೆ ಕಾಣುವುದಿಲ್ಲ. ಐಸೋಮೆಟ್ರಿಕ್ ಚಿತ್ರವೋ ಮೂಲೆಗೆ ಹೋಗಿ ಮೇಲಿನಿಂದ ಇಣುಕಿದಂತೆ ಇರುವುದರಿಂದ ಮಾಳಿಗೆಯದ್ದೇ ದೊಡ್ಡಸ್ತಿಕೆ. ಗೊತ್ತಿಲ್ಲದ್ದನ್ನು ಅದು ಧೈರ್ಯವಾಗಿ ಊಹಿಸಿಬಿಟ್ಟಿತ್ತು, ಅಷ್ಟೇ. ಕೈಯಿಂದಲೇ ಬರೆಯೋಣವೆಂದು ಓರೆಗೆರೆಗಳ ಜಾಲರಿ ಹಾಕಿಕೊಂಡು ಕುಳಿತೆ. ಫೋಟೋದಲ್ಲಿ ದೂರ ಹೋದಂತೆ ಗೆರೆಗಳು ಒಂದಕ್ಕೊಂದು ಹತ್ತಿರ ಬರುತ್ತವೆ. ಇಲ್ಲಿ ಸಮಾನಾಂತರ ಗೆರೆ ಕೊನೆಯವರೆಗೂ ಸಮಾನಾಂತರವೇ. ಹಾಗಾಗಿ ದೂರದ್ದು ಸಣ್ಣದಾಗುವುದಿಲ್ಲ. ಕಚ್ಚಾ ಚಿತ್ರ ತೋರಿಸಿದಾಗ ಕಾಕಾನ ಮುಖ ಹುಳ್ಳಗಾಯಿತು.

"ಅವನ ಅಂಗಡಿ ಯಾವಾಗ ಇಷ್ಟು ದೊಡ್ಡದಾತು?"

"ಮೊದಲಿಂದಲೂ ಅಷ್ಟ ಐತ್ರಿ ಕಾಕಾ. ಇದರಾಗ ದೂರ, ಹತ್ತರ ಅನ್ನೂದು ಇಲ್ಲ. ಎಲ್ಲಾರಿಗೂ ಒಂದ ಅಳತಿ."

"ಇಂಥಾ ಕೆಟ್ಟ ಪದ್ಧತಿ ಯಾರ್ ಕಂಡಹಿಡದ್ರು?"

ಮಾಳಿಗೆ ನೋಡದೆ ಮುಂದೆ ಹೋಗುವಂತಿರಲಿಲ್ಲ; ಕಮರಿಪೇಟೆಗೆ, ಅಂಗಡಿಯ ಹಿಂದೆಯೇ ಇರುವ ಅವರ ಮನೆಗೆ ಹೋದೆ. ಮೆಟ್ಟಿಲು ದೊಡ್ಡಪ್ಪನ ಪಾಲಿಗೆ ಹೋಗಿದ್ದರಿಂದ ಕಾಕಾ ಹಿತ್ತಲಲ್ಲಿ ಕಬ್ಬಿಣದ ಏಣಿ ಹಾಕಿಸಿದ್ದರು. ಮೊಣಕಾಲು ನೋವಿನಿಂದ ತಾವು ಹತ್ತುತ್ತಿರಲಿಲ್ಲ. ನಾನು ಏಣಿಗೆ ಕೈ ಹಾಕಿದೆನೋ ಇಲ್ಲವೋ, ಕಕ್ಕಿ ಒಲೆಯ ಮೇಲಿನ ಹಾಲು ಬಿಟ್ಟು ಓಡಿಬಂದರು.

"ಮ್ಯಾಲೆ ಏನೈತಿ ಮಣ್ಣು? ನೀರಿನ ಟಾಕಿ ಐತಿ. ಒಂದು ಟಾಕಿ ಬರದ ಬಿಡು. ಬಿಸಿಲ ಭಾಳ ಐತಿ, ಚಾ ಕುಡಿ ಬಾ."

ಕಕ್ಕಿಗೆ ನನ್ನ ಮೈಬಣ್ಣದ ಮೇಲೆ ಇದ್ದಕ್ಕಿದ್ದಂತೆ ಇಷ್ಟು ಕಾಳಜಿ ಬಂದದ್ದು ಕಂಡು ನಾನು ಇನ್ನೂ ಲಗುಬಗೆಯಿಂದ ಹತ್ತಿದೆ.

ಮೇಲೆ ಗೋಡೆ ಇರಲಿಲ್ಲ. ಒಂದು ಇಟ್ಟಿಗೆಯೂ ಇರಲಿಲ್ಲ. ಗೋಡೆ ಮಾಳಿಗೆಯ ಕೆಳಗೇ ನಿಂತುಹೋಗಿತ್ತು. ಎರಡೂ ಪಾಲು ಸೇರಿ ಒಂದೇ ಬಯಲು, ಅದರ ಮೇಲೆ ಹಳೆಯ ಸೀರೆ ಹಾಸಿ ಹಪ್ಪಳ, ಕುರಡಗಿ ಸಂಡಿಗೆ ಒಣಹಾಕಿದ್ದರು. ಸೀರೆಯ ಒಂದು ತುದಿ ಕಾಕಾನ ಪಾಲಿನಲ್ಲಿ, ಸೆರಗು ದೊಡ್ಡಪ್ಪನ ಪಾಲಿನಲ್ಲಿ. ಟಾಕಿಯ ನೆರಳಲ್ಲಿ ದೊಡ್ಡವ್ವ ಕಾಗೆ ಓಡಿಸುವ ಕೋಲು ಹಿಡಿದು ರಾಣಿಯ ಹಾಗೆ ಕುಳಿತಿದ್ದರು. ಪಕ್ಕದಲ್ಲಿ ಎರಡು ಮಣೆ, ಎರಡು ಲಟ್ಟಣಿಗೆ.

"ಬಾರವ್ವಾ, ನಿಂದೊಂದ ಕಡಿಮಿ ಇತ್ತು" ಎಂದರು.

ನನ್ನ ಹಿಂದೆಯೇ ಏದುಸಿರು ಬಿಡುತ್ತ ಹತ್ತಿಬಂದ ಕಕ್ಕಿ ನನ್ನ ಕೈ ಹಿಡಿದುಕೊಂಡರು. ಗಂಡಂದಿರು ಮಾತು ಬಿಟ್ಟ ವರ್ಷದಿಂದಲೂ ಇವರಿಬ್ಬರು ಮಧ್ಯಾಹ್ನ ಇಲ್ಲೇ ಕೂಡುತ್ತಿದ್ದರು. ಕೆಳಗೆ ಬೀದಿಯಲ್ಲಿ ನಿಂತವರಿಗೆ ಯಾರಿಗೂ ಕಾಣುತ್ತಿರಲಿಲ್ಲ.

"ಇದು ಕ್ಯಾಲೆಂಡರಿನ್ಯಾಗ ಬಂತಂದ್ರ ಮುಗೀತು. ನಾಳೇನ ಇಬ್ಬರೂ ಪೈಪೋಟಿ ಮ್ಯಾಲೆ ಇಟ್ಟಿಗಿ ತರಸ್ತಾರ. ನಾವು ಯಾರ ಜೋಡಿ ಮಾತಾಡೂದು? ಈ ಗಂಡಸರ ಜೋಡಿ?" ಎಂದರು ಕಕ್ಕಿ. ಆ ಕೊನೆಯ ಮಾತಿಗೆ ಇಬ್ಬರೂ ನಕ್ಕರು. ಆದರೆ ಕಕ್ಕಿ ನನ್ನ ಕೈ ಬಿಡಲಿಲ್ಲ.

"ನೀನ ಚಿತ್ರದಾಗ ಒಂದು ಗ್ವಾಡಿ ಬರದ ಬಿಡು. ನಿಂದೇನ್ ಗಂಟು ಹೋಗ್ತದ?" ಎಂದರು ದೊಡ್ಡವ್ವ.

ಹೊಗೆಗೂಡು ಕಲ್ಪಿಸಿದ್ದಕ್ಕೆ ಯಂತ್ರವನ್ನು ಬೈದವಳು ನಾನು. ಮನೆಗೆ ಬಂದು ಇಲ್ಲದ ಗೋಡೆಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಬರೆದೆ, ನೆರಳು ಸಮೇತ. ಆಳೆತ್ತರ ಎಬ್ಬಿಸಿದ್ದರಿಂದ ಅದರ ಹಿಂದಿನದ್ದೆಲ್ಲ ಮರೆಯಾಯಿತು. ಬರೆಯುವ ಕೆಲಸವೂ ಕಡಿಮೆಯಾಯಿತು.

ಮುಗಿದ ಚಿತ್ರ ತೋರಿಸಲು ಹೋದಾಗ ಕಾಕಾ ಊಟಕ್ಕೆ ಕುಳಿತಿದ್ದರು. ಎಡಗೈಯ ಎರಡು ಬೆರಳಿಂದ ಚಿತ್ರ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಬೋರ್ಡಿನ ಅಕ್ಷರ, ಗಟಾರ, ಕಾಟಾ ಎಲ್ಲ ಪಾಸಾಯಿತು. ಬೆರಳು ಮಾಳಿಗೆಯ ಮೇಲೆ ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ಕಕ್ಕಿ ಹಪ್ಪಳದ ತಾಟು ಹಿಡಿದು ನಿಂತಿದ್ದರು.

"ಈ ಗ್ವಾಡಿ ಇಡಾಕ ಯಾರು ಹೇಳಿದ್ರು?"

"ನೀವ ಹೇಳ್ತಿದ್ರಲ್ಲಾ ಕಾಕಾ, ಮಾಳಿಗಿ ಮ್ಯಾಲಿನ ತನಕ ಐತಿ ಅಂತ."

ಕಾಕಾ ತಮ್ಮ ತಾಟಿನಲ್ಲಿದ್ದ ಒಂದು ಹಪ್ಪಳ ಮುರಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ನಮ್ಮ ವೈನಿ ಹಪ್ಪಳಕ್ಕ ಅಜವಾನ ಒಂದೀಟು ಜಾಸ್ತೀನ ಹಾಕ್ತಾಳ, ಮೊದಲಿಂದಲೂ" ಎಂದರು, ಯಾರಿಗೂ ಹೇಳದವರಂತೆ. ವೈನಿ ಎಂದರೆ ಅತ್ತಿಗೆ, ನಮ್ಮ ದೊಡ್ಡವ್ವ. ಕಕ್ಕಿಯ ಕೈಯಲ್ಲಿದ್ದ ತಾಟು ಸದ್ದು ಮಾಡಿತು. ಕಾಕಾ ತಲೆಯೆತ್ತಲಿಲ್ಲ.

"ಗ್ವಾಡಿ ಇರ್ಲಿ ತಂಗಿ. ತಗದ್ರ ಅವನ ಜೋಡಿ ಮಾತಾಡಬೇಕಾಗ್ತದ. ಆದ್ರ ಸ್ವಲ್ಪ ಗಿಡ್ಡ ಮಾಡು. ತಾಟು ದಾಟಸಾಕ ಕೈ ನಿಲಕಬೇಕಲ್ಲ."

ಅಲ್ಲೇ ಕುಳಿತು ಗೋಡೆಯನ್ನು ಮೊಣಕಾಲೆತ್ತರಕ್ಕೆ ಇಳಿಸಿದೆ. ಇಳಿಸಿದ ಕೂಡಲೇ ಅದರ ಹಿಂದೆ ಮುಚ್ಚಿಹೋಗಿದ್ದ ದೊಡ್ಡಪ್ಪನ ಪಾಲು ಖಾಲಿ ಕಾಣತೊಡಗಿತು. ಅಲ್ಲಿ ಏನನ್ನಾದರೂ ಬರೆಯಲೇಬೇಕಿತ್ತು. ಹಪ್ಪಳ ಒಣಹಾಕಿದ್ದ ಸೀರೆಯ ಸೆರಗು ಹಾಸಿದೆ.